ಪ್ರವಾದಿಯ ನಂತರ ಯಾರು? ಸುನ್ನಿ–ಶಿಯಾ ಭಿನ್ನತೆಗೆ ಒಂದು ಪರಿಚಯ

(ಬಿ.ಎ. ಎರಡನೇ ಸೆಮಿಸ್ಟರ್, ‘ಜಗತ್ತಿನ ಧರ್ಮಗಳು: ಪರಿಚಯ’, ಘಟಕ 3ರ ಓದು. ಗುರುವಾರದ ಚರ್ಚೆಗೆ ಮುಂಚೆ ಓದಿಕೊಂಡು ಬನ್ನಿ.)

ಈ ಪಾಠಕ್ಕೆ ಬಂದಾಗಲೆಲ್ಲ ‘ಹಾಗಾದ್ರೆ ಸರಿ ಯಾರು?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅದನ್ನು ತೀರ್ಮಾನಿಸುವುದು ಈ ಕೋರ್ಸಿನ ಕೆಲಸವಲ್ಲ. ಯಾರು ಏನು ನಂಬುತ್ತಾರೆ, ಯಾವ ಆಧಾರದ ಮೇಲೆ ನಂಬುತ್ತಾರೆ ಅನ್ನುವುದಷ್ಟೇ ನಮಗೆ ಬೇಕು.

ಮುಸ್ಲಿಮರ ಎರಡು ಪಂಗಡಗಳಾದ ಸುನ್ನಿ, ಶಿಯಾ ಇಬ್ಬರಿಗೂ ದೇವರು ಒಬ್ಬನೇ, ಕುರ್‌ಆನ್ ಒಂದೇ, ಕೊನೆಯ ಪ್ರವಾದಿ ಮುಹಮ್ಮದರೇ. ನಮಾಜು, ರಂಜಾನ್ ಉಪವಾಸ, ಝಕಾತ್ ಎಂಬ ಕಡ್ಡಾಯ ದಾನ, ಹಜ್ ಇಬ್ಬರಲ್ಲೂ ಇವೆ. ಭಿನ್ನತೆ ಹುಟ್ಟಿದ್ದು ಬೇರೆ ಕಡೆ. ಪ್ರವಾದಿ ತೀರಿಕೊಂಡ ಮೇಲೆ ಸಮುದಾಯವನ್ನು ನಡೆಸುವ ಹಕ್ಕು ಯಾರದು? ಆ ಹಕ್ಕು ಎಲ್ಲಿಂದ ಬರುತ್ತದೆ, ಜನರಿಂದಲೋ ದೇವರಿಂದಲೋ?

ಪ್ರವಾದಿ ತೀರಿಕೊಂಡದ್ದು 632ರಲ್ಲಿ, ಮದೀನಾದಲ್ಲಿ. ಅದಕ್ಕೆ ಕೆಲವೇ ತಿಂಗಳ ಹಿಂದೆ, ಕೊನೆಯ ಹಜ್ ಮುಗಿಸಿ ವಾಪಸ್ ಬರುವಾಗ, ಗದೀರ್ ಖುಮ್ ಎಂಬಲ್ಲಿ ಅವರು ಜನರನ್ನು ನಿಲ್ಲಿಸಿ ಮಾತಾಡಿದರು. ‘ನಾನು ಯಾರಿಗೆ ಮೌಲಾನೋ ಅಲಿಯೂ ಅವರಿಗೆ ಮೌಲಾ’ ಎಂಬುದು ಆ ಮಾತು. ಅಲಿ ಪ್ರವಾದಿಯ ಚಿಕ್ಕಪ್ಪ–ದೊಡ್ಡಪ್ಪನ ಮಗ, ಮಗಳು ಫಾತಿಮಾರ ಗಂಡ. ಈ ಮಾತು ಹದೀಸ್, ಅಂದರೆ ಪ್ರವಾದಿಯ ನುಡಿ–ನಡೆಗಳ ವರದಿಗಳ, ಸುನ್ನಿ ಸಂಗ್ರಹಗಳಲ್ಲೂ ಇದೆ, ಶಿಯಾ ಸಂಗ್ರಹಗಳಲ್ಲೂ ಇದೆ. ಜಗಳವೆಲ್ಲ ‘ಮೌಲಾ’ ಅಂದರೆ ಏನು ಅನ್ನುವುದರ ಮೇಲೆ. ಶಿಯಾಗಳ ಪ್ರಕಾರ ಇಲ್ಲಿ ಅದಕ್ಕೆ ಒಡೆಯ, ನಾಯಕ ಎಂಬ ಅರ್ಥ. ಅಷ್ಟು ಜನರನ್ನು ಬಿಸಿಲಲ್ಲಿ ನಿಲ್ಲಿಸಿ ಹೇಳಿದ್ದು ಉತ್ತರಾಧಿಕಾರಿಯ ಘೋಷಣೆಯಲ್ಲದೆ ಇನ್ನೇನು ಎಂಬುದು ಅವರ ವಾದ. ಸುನ್ನಿ ವಿದ್ವಾಂಸರು ಅದನ್ನು ಆಪ್ತ, ಪ್ರೀತಿಗೆ ಅರ್ಹ ಎಂದು ಓದುತ್ತಾರೆ. ಯೆಮನ್ ದಂಡಯಾತ್ರೆಯಿಂದ ಬಂದ ಕೆಲವರು ಅಲಿಯ ಮೇಲೆ ದೂರು ಹೇಳಿದ್ದರು, ಅದಕ್ಕೆ ಪ್ರವಾದಿ ಅಲಿಯ ಪರ ನಿಂತರು, ಅಷ್ಟೇ ಎನ್ನುತ್ತಾರೆ. ಪ್ರವಾದಿ ಕಾಯಿಲೆ ಬಿದ್ದಾಗ ನಮಾಜು ನಡೆಸಲು ಹೇಳಿದ್ದು ತಮ್ಮ ಹತ್ತಿರದ ಸಂಗಾತಿ ಅಬೂಬಕ್ಕರರಿಗೆ ಎಂಬುದನ್ನೂ ಅವರು ನೆನಪಿಸುತ್ತಾರೆ.

ಪ್ರವಾದಿ ತೀರಿಕೊಂಡ ದಿನ ಮದೀನಾದ ಅನ್ಸಾರಿಗಳು, ಅಂದರೆ ಊರಿನ ಮೂಲ ಮುಸ್ಲಿಮರು, ಸಕೀಫಾ ಎಂಬ ಚಾವಡಿಯಲ್ಲಿ ಸೇರಿದರು. ತಮ್ಮವರೇ ಆದ ಸಅದ್ ಬಿನ್ ಉಬಾದಾ ನಾಯಕನಾಗಲಿ ಎಂಬ ಮಾತು ಎದ್ದಿತ್ತು. ಸುದ್ದಿ ತಿಳಿದು ಅಬೂಬಕ್ಕರ್, ಉಮರ್, ಅಬೂ ಉಬೈದಾ ಅಲ್ಲಿಗೆ ಹೋದರು. ‘ನಿಮ್ಮಲ್ಲೊಬ್ಬ, ನಮ್ಮಲ್ಲೊಬ್ಬ’ ಎಂಬ ಸಲಹೆಯೂ ಬಂತು. ಪ್ರವಾದಿಯ ಕುಲವಾದ ಕುರೈಷಿನವನನ್ನು ಬಿಟ್ಟು ಬೇರೆ ಯಾರನ್ನೂ ಅರಬರು ಒಪ್ಪುವುದಿಲ್ಲ ಎಂದು ಅಬೂಬಕ್ಕರ್ ವಾದಿಸಿದರು. ಕೊನೆಗೆ ಉಮರ್ ಅಬೂಬಕ್ಕರರ ಕೈ ಹಿಡಿದು ಬೈಅತ್ ಮಾಡಿದರು. ಬೈಅತ್ ಅಂದರೆ ನಾಯಕನಿಗೆ ಕೊಡುವ ನಿಷ್ಠೆಯ ಮಾತು. ಇತ್ತ ಅಲಿ ಮತ್ತು ಮನೆಯವರು ಪ್ರವಾದಿಯ ಅಂತ್ಯಸಂಸ್ಕಾರದ ಸಿದ್ಧತೆಯಲ್ಲಿದ್ದರು.

ಸುನ್ನಿಗಳಿಗೆ ಸಕೀಫಾ ಎಂದರೆ ಒಡೆದು ಹೋಗಬಹುದಾಗಿದ್ದ ಸಮುದಾಯವನ್ನು ಹಿರಿಯರು ಕೂತು ಮಾತಾಡಿ ಉಳಿಸಿಕೊಂಡ ಗಳಿಗೆ. ಶಿಯಾಗಳಿಗೆ ಅದು ಹಕ್ಕುದಾರ ಇಲ್ಲದ ಹೊತ್ತಿನಲ್ಲಿ ಆದ ತೀರ್ಮಾನ. ಅಲಿ ತಡವಾಗಿ ಬೈಅತ್ ಕೊಟ್ಟರು ಎಂದು ಸುನ್ನಿ ಗ್ರಂಥಗಳಲ್ಲೇ ಇದೆ. ಮನಸ್ಸಿನಿಂದ ಕೊಟ್ಟರೋ, ಒತ್ತಡಕ್ಕೆ ಕೊಟ್ಟರೋ ಎಂಬಲ್ಲಿ ದಾರಿ ಕವಲಾಗುತ್ತದೆ. ಅವರು ಅಬೂಬಕ್ಕರರ ವಿರುದ್ಧ ಕತ್ತಿ ಹಿಡಿಯಲಿಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಮುಂದಿನದು ಗೊತ್ತಿರುವ ಸಾಲು: ಅಬೂಬಕ್ಕರ್, ಉಮರ್, ಉಸ್ಮಾನ್, ಅಲಿ. ಸುನ್ನಿಗಳಿಗೆ ಈ ನಾಲ್ವರೂ ‘ಸನ್ಮಾರ್ಗಿ ಖಲೀಫರು’. ಖಲೀಫ ಅಂದರೆ ಪ್ರವಾದಿಯ ನಂತರ ಸಮುದಾಯವನ್ನು ನಡೆಸುವವನು. ಶಿಯಾಗಳ ಮುಖ್ಯ ಪಂಗಡದ ಪ್ರಕಾರ ಮೊದಲ ದಿನದಿಂದಲೇ ಆ ಜಾಗ ಅಲಿಯದು. 656ರಲ್ಲಿ ದಂಗೆಕೋರರು ಉಸ್ಮಾನರನ್ನು ಮನೆಯಲ್ಲೇ ಕೊಂದರು, ಅಲಿ ಖಲೀಫರಾದರು. ಕೊಲೆಗಾರರಿಗೆ ಶಿಕ್ಷೆ ಕೊಡಿ ಎಂಬ ಕೂಗಿನಿಂದ ಮುಸ್ಲಿಮರ ನಡುವಿನ ಮೊದಲ ಅಂತರ್ಯುದ್ಧವೇ ಶುರುವಾಯಿತು. ಅಲಿಯ ಎದುರು ಮೊದಲು ಪ್ರವಾದಿಯ ಪತ್ನಿ ಆಯಿಶಾ ನಿಂತರು, ಆಮೇಲೆ ಸಿರಿಯಾದ ಅಧಿಪತಿ ಮುಆವಿಯಾ. 661ರಲ್ಲಿ ಇರಾಕಿನ ಕೂಫಾದಲ್ಲಿ ಅಲಿಯ ಹತ್ಯೆಯಾಯಿತು. ಕೊಂದವನು ಖಾರಿಜಿ, ಸುನ್ನಿಯೂ ಅಲ್ಲ ಶಿಯಾನೂ ಅಲ್ಲ ಎನ್ನಬಹುದಾದ ಮೂರನೇ ಗುಂಪಿನವನು. ಅಲಿಯ ಹಿರಿಯ ಮಗ ಹಸನ್ ಒಪ್ಪಂದ ಮಾಡಿಕೊಂಡು ಅಧಿಕಾರವನ್ನು ಮುಆವಿಯಾಗೆ ಬಿಟ್ಟುಕೊಟ್ಟರು.

ಮುಆವಿಯಾ ತನ್ನ ನಂತರ ಮಗ ಯಝೀದ್ ಎಂದು ಗೊತ್ತುಮಾಡಿದರು. ಅಲಿಯ ಇನ್ನೊಬ್ಬ ಮಗ ಹುಸೇನ್ ಯಝೀದನಿಗೆ ಬೈಅತ್ ಕೊಡಲಿಲ್ಲ. 680ರಲ್ಲಿ, ಮೊಹರಂ ತಿಂಗಳ ಹತ್ತನೇ ದಿನ, ಇರಾಕಿನ ಕರ್ಬಲಾದಲ್ಲಿ ಅವರನ್ನೂ ಅವರ ಸಣ್ಣ ತಂಡವನ್ನೂ ದೊಡ್ಡ ಸೈನ್ಯ ಸುತ್ತುವರಿದು ಕೊಂದಿತು. ಹುಸೇನರನ್ನು ಕರೆಸಿಕೊಂಡಿದ್ದ ಕೂಫಾದವರು ನೆರವಿಗೆ ಬರಲಿಲ್ಲ. ಸಕೀಫಾದಲ್ಲಿ ವಾದವಾಗಿದ್ದದ್ದು ಇಲ್ಲಿ ಶೋಕವಾಯಿತು, ಶಿಯಾ ನಂಬಿಕೆಯ ಜೀವಾಳವೇ ಆಯಿತು. ಇಲ್ಲಿ ಒಂದು ತಪ್ಪು ಕಲ್ಪನೆ ಜಾಸ್ತಿ: ಸುನ್ನಿಗಳು ಯಝೀದನ ಕಡೆಯವರು ಅಂತ. ಹಾಗಲ್ಲ. ಹುಸೇನರ ಸಾವು ಸುನ್ನಿಗಳಿಗೂ ದುಃಖದ್ದೇ, ಪ್ರವಾದಿಯ ಮನೆತನದ ಮೇಲಿನ ಗೌರವ ಅವರಲ್ಲೂ ಗಟ್ಟಿಯಾಗಿದೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳೂ ಮೊಹರಂಗೆ ಪಂಜಾ ಕೂರಿಸಿ, ಹಸನ್–ಹುಸೇನರ ಪದ ಹಾಡುತ್ತಾರಲ್ವಾ?

ಹಾಗಂತ ಕರ್ಬಲಾದ ಮರುದಿನವೇ ಎರಡು ಪಂಗಡ ಸಿದ್ಧವಾಗಿ ನಿಂತವು ಎಂದುಕೊಳ್ಳಬೇಡಿ. ಆಗ ಇದ್ದದ್ದು ‘ಅಲಿಯ ಕಡೆಯವರು’ ಎಂಬ ಗುಂಪು. ಇಂದು ಕಾಣುವ ಸಿದ್ಧಾಂತ, ಕಾನೂನು, ಹದೀಸ್ ಸಂಗ್ರಹ ಇವೆಲ್ಲ ರೂಪ ಪಡೆಯಲು ಮುಂದಿನ ಎರಡು ಮೂರು ಶತಮಾನ ಹಿಡಿಯಿತು. ಪರೀಕ್ಷೆಯಲ್ಲಿ ‘632ರಲ್ಲಿ ಇಸ್ಲಾಂ ಎರಡಾಯಿತು’ ಎಂದು ಬರೆದರೆ ಪೂರ್ತಿ ಅಂಕ ಸಿಗುವುದಿಲ್ಲ.

ಆ ಶತಮಾನಗಳಲ್ಲಿ ರೂಪುಗೊಂಡ ಶಿಯಾ ಸಿದ್ಧಾಂತದಲ್ಲಿ ಇಮಾಮ್ ಬರೀ ಆಡಳಿತಗಾರನಲ್ಲ. ದೇವರ ಇಚ್ಛೆಯಂತೆ ನೇಮಕವಾದವನು, ಪಾಪ–ತಪ್ಪುಗಳಿಂದ ದೂರ ಇರುವವನು, ಧರ್ಮದ ಒಳ ಅರ್ಥ ಬಲ್ಲವನು. ಅಧಿಕಾರ ಕೈಯಲ್ಲಿಲ್ಲದಿದ್ದರೂ ಅವನು ಇಮಾಮನೇ. ಸುನ್ನಿಗಳ ಖಲೀಫ ಹಾಗಲ್ಲ. ಅವನು ತಪ್ಪಬಹುದಾದ ಮನುಷ್ಯ. ಅವನ ಕೆಲಸ ಧರ್ಮದ ಕಾನೂನನ್ನು ಕಾಪಾಡುವುದು, ಹೊಸದಾಗಿ ಬೋಧಿಸುವುದಲ್ಲ. ಧರ್ಮದ ತಿಳಿವಳಿಕೆ ಸಹಾಬಿಗಳ ಮೂಲಕ, ಅಂದರೆ ಪ್ರವಾದಿಯ ಸಂಗಾತಿಗಳ ಮೂಲಕ, ಇಡೀ ಸಮುದಾಯಕ್ಕೆ ಬಂದಿದೆ ಎಂಬುದು ಅವರ ನಿಲುವು. ಕುರ್‌ಆನಿನ 4:59ರಲ್ಲಿ ಅಲ್ಲಾಹನಿಗೆ, ಪ್ರವಾದಿಗೆ, ‘ನಿಮ್ಮಲ್ಲಿ ಅಧಿಕಾರ ಉಳ್ಳವರಿಗೆ’ ವಿಧೇಯರಾಗಿ ಎಂದಿದೆ. ಆ ಅಧಿಕಾರ ಉಳ್ಳವರು ಯಾರು? ಆಳುವವರು ಅಥವಾ ವಿದ್ವಾಂಸರು ಎಂದು ಸುನ್ನಿ ವ್ಯಾಖ್ಯಾನಕಾರರು, ಇಮಾಮರೇ ಎಂದು ಶಿಯಾ ವ್ಯಾಖ್ಯಾನಕಾರರು.

ಶಿಯಾಗಳೂ ಒಂದೇ ಗುಂಪಲ್ಲ. ದೊಡ್ಡ ಪಂಗಡಕ್ಕೆ ಹನ್ನೆರಡು ಇಮಾಮರು. ಹನ್ನೆರಡನೆಯವರು 874ರಲ್ಲಿ ಮರೆಯಾದರು, ಮುಂದೆ ಮರಳಿ ಬರುತ್ತಾರೆ ಎಂಬ ನಂಬಿಕೆ. ಆರನೇ ಇಮಾಮ್ ಜಾಫರ್ ಸಾದಿಕರ ನಂತರ ಅವರ ಮಗ ಇಸ್ಮಾಯಿಲರ ಸಾಲನ್ನು ಹಿಡಿದವರು ಇಸ್ಮಾಯಿಲಿಗಳು. ಅವರಲ್ಲೇ ನಿಝಾರಿಗಳಿಗೆ ಇಂದಿಗೂ ಕಣ್ಣೆದುರಿನ ಇಮಾಮ್ ಇದ್ದಾರೆ, ಆಗಾ ಖಾನ್. ಯೆಮನಿನ ಝೈದಿಗಳು ಇಮಾಮನನ್ನು ದೋಷರಹಿತ ಎನ್ನುವುದಿಲ್ಲ.

ಈಗ ಚರ್ಚೆಗೆ ಒಂದು ತೊಡಕು ಕೊಡುತ್ತೇನೆ. ಹನ್ನೆರಡನೇ ಇಮಾಮ್ ಮರೆಯಾದ ಮೇಲೆ ಶಿಯಾಗಳಲ್ಲಿ ಕಾನೂನು ಹೇಳುವ ಹೊಣೆ ಕ್ರಮೇಣ ವಿದ್ವಾಂಸರ ಹೆಗಲಿಗೆ ಬಂತು. ಇರಾಕಿನ ನಜಫ್, ಇರಾನಿನ ಕೋಮ್ ನಗರಗಳ ಮಹತ್ವ ಬೆಳೆದದ್ದು ಹಾಗೆ. ಸುನ್ನಿಗಳಲ್ಲೂ ಹನಫಿ, ಮಾಲಿಕಿ, ಶಾಫಿ, ಹಂಬಲಿ ಎಂಬ ನಾಲ್ಕು ಕಾನೂನು ಪಂಥಗಳನ್ನು ನಡೆಸಿದ್ದು ವಿದ್ವಾಂಸರೇ. 1924ರಲ್ಲಿ ಟರ್ಕಿ ಖಲೀಫರ ಪದವಿಯಾದ ಖಿಲಾಫತ್ತನ್ನೇ ರದ್ದು ಮಾಡಿದ ಮೇಲೂ ಅವರ ಕೆಲಸ ನಿಲ್ಲಲಿಲ್ಲ. ಹಾಗಿದ್ದರೆ ಇವತ್ತಿನ ಶಿಯಾ ವಿದ್ವಾಂಸನ ಅಧಿಕಾರಕ್ಕೂ ಸುನ್ನಿ ವಿದ್ವಾಂಸನ ಅಧಿಕಾರಕ್ಕೂ ವ್ಯತ್ಯಾಸ ಎಲ್ಲಿದೆ? ಒಂದು ಪುಟ ಬರೆದು ತನ್ನಿ. ಬರೆಯುವಾಗ ‘ಅವರು ನಂಬುವಂತೆ’ ಎಂಬ ಮಾತು ಎಲ್ಲಿ ಬೇಕು, ‘ಹೀಗಾಯಿತು’ ಎನ್ನುವುದು ಎಲ್ಲಿ ನಡೆಯುತ್ತದೆ ಎಂದು ಪ್ರತಿ ವಾಕ್ಯದಲ್ಲೂ ನೋಡಿಕೊಳ್ಳಿ. ಅಂಕ ಕೊಡುವಾಗ ನಾನು ಮೊದಲು ನೋಡುವುದು ಅದನ್ನೇ.