ತಾಳೆ

2025ರ ಮಾರ್ಚ್ 23ರ ಭಾನುವಾರ ಬೆಳಿಗ್ಗೆ ತಿಪಟೂರಿನಿಂದ ಅಮ್ಮ ಫೋನ್ ಮಾಡಿ, ತೋಟದ ಪಂಪ್‌ಸೆಟ್ಟಿನ ಮೋಟಾರು ಸುಟ್ಟಿದೆ, ಯುಗಾದಿಗೆ ಮೊದಲು ಕಾಯಿಲ್ ಸುತ್ತಿಸಬೇಕು, ಐದು ಸಾವಿರ ಕಳಿಸಲು ಆಗುತ್ತದೆಯೇ ಎಂದು ಕೇಳಿದಾಗ ಸಹನಾ ಯೋಚಿಸದೆ ‘ಆಗುತ್ತಮ್ಮ’ ಎಂದಳು. ಫೋನ್ ಇಟ್ಟು ಖಾತೆ ತೆರೆದು ನೋಡಿದರೆ ಅದರಲ್ಲಿ 1,140 ರೂಪಾಯಿ ಉಳಿದಿತ್ತು. ಸಂಬಳ ಬರಲು ಇನ್ನೂ ಎಂಟು ದಿನಗಳಿದ್ದವು.

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವಳು ಕ್ವಾಲಿಟಿ ಎಂಜಿನಿಯರ್. ಕಡಿತಗಳೆಲ್ಲ ಕಳೆದು ತಿಂಗಳಿಗೆ 52,000 ರೂಪಾಯಿ ಕೈಗೆ ಬರುತ್ತಿತ್ತು. ದಾಸರಹಳ್ಳಿಯ ಮನೆಯಲ್ಲಿ ಇಬ್ಬರು ಗೆಳತಿಯರೊಂದಿಗೆ ಹಂಚಿಕೊಂಡ ಬಾಡಿಗೆ 9,500, ಊರಿಗೆ ಕಳಿಸುವುದು 8,000, ತರಕಾರಿ, ಹಾಲು, ಗ್ಯಾಸು, ಮೆಟ್ರೋ ಎಂದು ಫೋನಿನಿಂದಲೇ ಕೊಡುವ ಚಿಲ್ಲರೆ ಖರ್ಚು ಹತ್ತು ಹನ್ನೆರಡು ಸಾವಿರ. ಮಿಕ್ಕದ್ದೆಲ್ಲ ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಹೋಗುತ್ತಿತ್ತು. ಪ್ರತಿ ತಿಂಗಳೂ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಕಟ್ಟುತ್ತಿದ್ದರೂ ಬಿಲ್ಲು ತೊಂಬತ್ತು ಸಾವಿರದ ಆಸುಪಾಸಿನಲ್ಲೇ ನಿಂತಿರುವುದನ್ನು ಅವಳು ಗಮನಿಸಿದ್ದಳು. ಊರಿನ ಖರ್ಚೇ ತನ್ನನ್ನು ಮೇಲೇಳಲು ಬಿಡುತ್ತಿಲ್ಲವೇನೋ ಎಂಬ ಸಣ್ಣ ಅಸಮಾಧಾನವೂ ಇತ್ತೀಚೆಗೆ ಅವಳೊಳಗೆ ಬೆಳೆದಿತ್ತು. ಅಮ್ಮನ ಮುಂದೆ ಅದನ್ನು ಎಂದೂ ಆಡಿರಲಿಲ್ಲ.

ಅಂದು ಅವಳು ಹನ್ನೆರಡು ತಿಂಗಳ ಸ್ಟೇಟ್‌ಮೆಂಟುಗಳನ್ನೂ ಇಮೇಲಿನಿಂದ ಇಳಿಸಿಕೊಂಡಳು. ಪ್ರತಿಯೊಂದಕ್ಕೂ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ದಿನಾಂಕದ ಪಾಸ್‌ವರ್ಡ್ ಹಾಕಿ ತೆರೆಯಬೇಕಿತ್ತು. ಅವುಗಳಲ್ಲಿ ಹತ್ತನ್ನು ಅವಳು ಹಿಂದೆ ಒಮ್ಮೆಯೂ ತೆರೆದಿರಲಿಲ್ಲ. ಎಸ್ಎಂಎಸ್‌ನಲ್ಲಿ ಬರುವ ಮೊತ್ತ ನೋಡಿ, ಕೈಯಲ್ಲಿದ್ದಷ್ಟು ಕಟ್ಟಿ ಸುಮ್ಮನಾಗಿದ್ದಳು. ಸಾಲುಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ತಂದು, ಕಾರ್ಖಾನೆಯಲ್ಲಿ ರಿಜೆಕ್ಷನ್ ಆದ ಬಿಡಿಭಾಗಗಳನ್ನು ದೋಷದ ಪ್ರಕಾರ ಗುಂಪು ಮಾಡುವಂತೆಯೇ ಅಂಗಡಿಯ ಪ್ರಕಾರ ಗುಂಪು ಮಾಡಿದಳು. ಎಲ್ಲಕ್ಕಿಂತ ದೊಡ್ಡ ದೋಷ ಎಡತುದಿಯಲ್ಲಿ, ಚಿಕ್ಕದ್ದು ಬಲತುದಿಯಲ್ಲಿ ಬರುವ ಪಾರೆಟೊ ಚಿತ್ರವನ್ನು ಅವಳು ವಾರಕ್ಕೊಮ್ಮೆ ಮ್ಯಾನೇಜರರ ಮುಂದೆ ಇಡುತ್ತಿದ್ದಳು. ತನ್ನದೇ ಬದುಕಿನದನ್ನು ಬರೆದದ್ದು ಇದೇ ಮೊದಲು.

ಎಡತುದಿಯಲ್ಲಿ ನಿಂತದ್ದು ಊಟ. ಮನೆಬಾಗಿಲಿಗೆ ತರಿಸಿಕೊಂಡ ಊಟದ ಸಾಲುಗಳು 214, ಮೊತ್ತ 61,428 ರೂಪಾಯಿ. ಅವಳಿಗೆ ನಾಚಿಕೆಯಾಯಿತು. ಆದರೆ ನಾಚಿಕೆಪಟ್ಟು ಮುಂದಿನ ಸಾಲಿಗೆ ಹೋಗಿಬಿಡುವುದು ಅವಳ ಕೆಲಸದ ಪದ್ಧತಿಯಲ್ಲ; ಬೇರಿಂಗಿನ ಹೊರಮೈ ಗೀರಿದೆ ಎಂದು ಬರೆದರೆ ಸಾಲದು, ಗೀರು ಯಾವ ಯಂತ್ರದಲ್ಲಿ, ಯಾವ ಪಾಳಿಯಲ್ಲಿ ಬಿದ್ದಿತು ಎಂಬುದನ್ನೂ ಬರೆಯಬೇಕು. ಪಾಳಿ ಎಂಬ ಮಾತು ನೆನಪಾದದ್ದೇ ತಡ, ತನ್ನ ಶಿಫ್ಟ್ ಡೈರಿಯನ್ನು ತೆಗೆದು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟಳು. 214ರಲ್ಲಿ 151 ಊಟಗಳು ಸೆಕೆಂಡ್ ಶಿಫ್ಟಿನ ದಿನಗಳಲ್ಲಿ ಬಂದಿದ್ದವು. ಸೆಕೆಂಡ್ ಶಿಫ್ಟಿನವರಿಗೆ ಕ್ಯಾಂಟೀನಿನಲ್ಲಿ ಎಂಟು ಗಂಟೆಗೆ ಊಟ ಬಡಿಸುತ್ತಿದ್ದರು. ಆದರೆ ಲೋಡು ಹೊರಡುವ ಮೊದಲಿನ ಕೊನೆಯ ತಪಾಸಣೆಯೂ ಆ ಹೊತ್ತಿಗೇ ಇರುತ್ತಿದ್ದುದರಿಂದ ಅವಳು ಊಟ ಬಿಟ್ಟು ಗೇಜು ಹಿಡಿದು ನಿಂತಿರುತ್ತಿದ್ದಳು. ಹತ್ತಕ್ಕೆ ಪಾಳಿ ಮುಗಿದು, ವರದಿ ಬರೆದು, ಕೋಣೆ ಸೇರುವಾಗ ಹನ್ನೊಂದಾಗುತ್ತಿತ್ತು. ಗೆಳತಿಯರು ಮಲಗಿರುತ್ತಿದ್ದರು, ಪಾತ್ರೆಗಳು ಬರಿದಾಗಿರುತ್ತಿದ್ದವು. ತಿಂದದ್ದು ಬಿರಿಯಾನಿಯಾಗಲಿ ಮೊಸರನ್ನವಾಗಲಿ, ಅದು ನಾಲಿಗೆಯ ಚಪಲವಾಗಿರಲಿಲ್ಲ, ಹಸಿವಾಗಿತ್ತು.

ಉಳಿದವುಗಳನ್ನು ಅವಳು ಬೇಗ ದಾಟಿದಳು. ಫೋನಿನ ಕಂತು ತಿಂಗಳಿಗೆ 3,290ರಂತೆ 39,480 ಆಗಿತ್ತು, ಅದು ಮಾರ್ಚಿಗೆ ತೀರಿತ್ತು. ತಾನಾಗಿಯೇ ಕಡಿತವಾಗುವ ಮೂರು ಚಂದಾಗಳಿಗೆ 19,866 ಹೋಗಿತ್ತು. ಅವುಗಳಲ್ಲೊಂದು ಜೂನ್ ತಿಂಗಳಿನಿಂದ ಕಾಲಿಡದ ಜಿಮ್ಮಿನದು. ಹಣ ಕಡಿತವಾಗುವ ಒಂದು ದಿನ ಮೊದಲು ಮುನ್ಸೂಚನೆಯ ಸಂದೇಶ ಪ್ರತಿ ಬಾರಿಯೂ ಬಂದಿತ್ತು. ಫೋನಿನಲ್ಲಿ ಹುಡುಕಿದಾಗ ಅವೆಲ್ಲ ಓದದೆ ಉಳಿದ ಸಂದೇಶಗಳ ರಾಶಿಯಲ್ಲಿ ಸಿಕ್ಕವು. ಪೆಟ್ರೋಲು, ಔಷಧಿ, ಬಟ್ಟೆ, ದಿನಸಿ ಮತ್ತು ಇತರೆ ಸೇರಿ 76,542. ಒಟ್ಟು ಖರೀದಿ 1,97,316.

ಇಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಹನ್ನೆರಡು ಸ್ಟೇಟ್‌ಮೆಂಟುಗಳ ಮೊದಲ ಪುಟದಲ್ಲಿ ಬ್ಯಾಂಕು ತಾನೇ ಕೊಟ್ಟಿದ್ದ ಖರ್ಚಿನ ಮೊತ್ತಗಳನ್ನು ಕೂಡಿಸಿದಾಗ 2,42,949 ಬಂದಿತು. ಎರಡೂ ತಾಳೆಯಾಗಲಿಲ್ಲ, ವ್ಯತ್ಯಾಸ 45,633 ರೂಪಾಯಿ.

ಸಹನಾಳ ಅಪ್ಪ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು. ಹರಾಜಿನ ದಿನ ಜಮಾ-ಖರ್ಚಿನಲ್ಲಿ ನಾಲ್ಕು ರೂಪಾಯಿ ಹೆಚ್ಚುಕಡಿಮೆಯಾದರೂ ಅದು ಸಿಗುವವರೆಗೆ ಮನೆಗೆ ಬರುತ್ತಿರಲಿಲ್ಲ. ಅವರಿಗಾಗಿ ಕಾದು ಕಾದು ಅಮ್ಮ ಸಾರನ್ನು ಎರಡು ಸಲ ಬಿಸಿ ಮಾಡುತ್ತಿದ್ದ ರಾತ್ರಿಗಳು ಮಗಳಿಗೆ ಚೆನ್ನಾಗಿ ನೆನಪಿದ್ದವು. ಅವಳು ಊಟಕ್ಕೇಳದೆ ಸಾಲುಗಳನ್ನು ಮತ್ತೆ ಮೊದಲಿನಿಂದ ಓದಿದಳು. ಅಂಗಡಿಯ ಹೆಸರಿಲ್ಲದ ಸಾಲುಗಳನ್ನು ತಾನು ಗುಂಪು ಮಾಡುವಾಗ ಬಿಟ್ಟುಬಿಟ್ಟಿದ್ದುದು ಆಗ ತಿಳಿಯಿತು. ಪ್ರತಿ ತಿಂಗಳ ಕೊನೆಯಲ್ಲೂ FINANCE CHARGES ಎಂಬ ಒಂದು ಸಾಲು, ಅದರ ಕೆಳಗೆ ಜಿಎಸ್‌ಟಿಯ ಸಾಲು ಇದ್ದವು. ವರ್ಷದ ಬಡ್ಡಿ 36,872, ತಡವಾಗಿ ಕಟ್ಟಿದ್ದಕ್ಕೆ ಎರಡು ಬಾರಿ ಬಿದ್ದ ದಂಡ 1,800, ಇವೆರಡರ ಮೇಲೆ ಶೇಕಡ 18ರ ತೆರಿಗೆ 6,961. ಕೂಡಿಸಿದರೆ 45,633. ಪೈಸೆಗೂ ವ್ಯತ್ಯಾಸವಿಲ್ಲದೆ ತಾಳೆಯಾಯಿತು.

ಇದರ ಬೇರು ಒಂದು ವರ್ಷ ಹಿಂದಿತ್ತು. ತಂಗಿಯ ಮದುವೆಗೆ ರೇಷ್ಮೆ ಸೀರೆಗಳನ್ನೂ ಛತ್ರದ ಮುಂಗಡವನ್ನೂ ಅವಳು ಕಾರ್ಡಿನಲ್ಲಿಯೇ ಕೊಟ್ಟಿದ್ದಳು. 2024ರ ಮಾರ್ಚ್ ಬಿಲ್ಲು 96,240 ರೂಪಾಯಿ ಬಂದಾಗ ಪಕ್ಕದ ಚೌಕದಲ್ಲಿ Minimum Amount Due ಎಂದು 4,812 ರೂಪಾಯಿ ನಮೂದಾಗಿತ್ತು. ಆ ತಿಂಗಳು ಕಟ್ಟಬೇಕಾದದ್ದು ಅಷ್ಟೇ ಎಂದು ತಿಳಿದು ಅವಳು ಅಷ್ಟನ್ನೇ ಕಟ್ಟಿದಳು, ಮುಂದಿನ ತಿಂಗಳಿನಿಂದ ಹೆಚ್ಚು ಕಟ್ಟುತ್ತ ಬಂದಳು. ಬಾಕಿಯನ್ನು ಪೂರ್ತಿ ತೀರಿಸದೆ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ ಎಂಬುದನ್ನು ಅವಳು ಈಗ, ಸ್ಟೇಟ್‌ಮೆಂಟಿನ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಓದಿದಳು. ಬಡ್ಡಿಯ ದರ ತಿಂಗಳಿಗೆ ಶೇಕಡ 3.5, ಅಂದರೆ ವರ್ಷಕ್ಕೆ 42. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯೂ ಹನ್ನೆರಡು ಸ್ಟೇಟ್‌ಮೆಂಟುಗಳಲ್ಲಿ ಹನ್ನೆರಡು ಸಲ ಅಚ್ಚಾಗಿತ್ತು. ರಾತ್ರಿ ಹನ್ನೊಂದಕ್ಕೆ ತರಿಸಿಕೊಂಡ ಮೊಸರನ್ನ ಹೊಟ್ಟೆ ಸೇರುವ ಮೊದಲೇ ಅದರ ಮೇಲೆ ಬಡ್ಡಿ ನಡೆಯಲು ಆರಂಭವಾಗಿರುತ್ತಿತ್ತು.

ಸಂಜೆ ಅವಳು ಅಪ್ಪನಿಗೆ ಫೋನ್ ಮಾಡಿದಳು. ಮೋಟಾರಿಗೆ ಹಣ ಕಳಿಸಲು ಈಗ ಆಗುವುದಿಲ್ಲ ಎಂಬಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವರು ನಡುವೆ ಮಾತಾಡಲಿಲ್ಲ. ಅವಳು ಮುಗಿಸಿದ ಮೇಲೆ ಕೇಳಿದರು:

“ವರ್ಷದಲ್ಲಿ ಒಟ್ಟು ಎಷ್ಟು ಕಟ್ಟಿದ್ದೀಯಮ್ಮ?”

“ಎರಡು ಲಕ್ಷದ ಐವತ್ತೆರಡು ಸಾವಿರದ ಐನೂರು, ಅಪ್ಪ.”

“ಅಸಲು ಎಷ್ಟು ಇಳಿದಿದೆ?”

ಆ ಪ್ರಶ್ನೆಯನ್ನು ಅವಳು ಇಡೀ ದಿನ ತನಗೆ ತಾನೇ ಕೇಳಿಕೊಂಡಿರಲಿಲ್ಲ. ಹೋದ ಮಾರ್ಚಿನ ಬಾಕಿ 96,240. ಈ ಮಾರ್ಚ್ 18ರ ಬಾಕಿ 86,689.

“ಒಂಬತ್ತು ಸಾವಿರದ ಐನೂರ ಐವತ್ತೊಂದು.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಬೈಯಬಹುದೆಂದು ಅವಳು ಕಾದಳು. “ಮೋಟಾರಿನ ಚಿಂತೆ ಬಿಡು, ಅದನ್ನು ನಾನು ನೋಡಿಕೊಳ್ಳುತ್ತೇನೆ” ಎಂದರು ಅವರು. “ಮಂಡಿಗೆ ಬರುವ ರೈತರಲ್ಲಿ ಹೀಗೆ ಬಡ್ಡಿಗೇ ದುಡಿಯುವವರನ್ನು ಬಹಳ ಕಂಡಿದ್ದೇನೆ. ಅವರಿಗೆ ನಾನು ಹೇಳುತ್ತಿದ್ದುದು ಒಂದೇ, ಕಡಿಮೆ ಬಡ್ಡಿಯ ಕಡೆ ತಂದು ಹೆಚ್ಚು ಬಡ್ಡಿಯದನ್ನು ಮೊದಲು ಮುಚ್ಚಿ ಎಂದು. ನಿಮ್ಮ ಕಾರ್ಖಾನೆಯಲ್ಲಿ ಸೊಸೈಟಿ ಇಲ್ಲವೇನಮ್ಮ?”

ಇತ್ತು. ಪ್ರತಿ ತಿಂಗಳೂ ಸಂಬಳದಿಂದ ಷೇರಿನ ಹಣ ಹಿಡಿಯುವ ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಅವಳೂ ಸದಸ್ಯೆ. ಅಲ್ಲಿ ಸಾಲ ಕೇಳುವವರೆಲ್ಲ ಮನೆ ಕಟ್ಟುವ ಹಿರಿಯರು ಎಂದುಕೊಂಡಿದ್ದಳು. ಮರುದಿನ ವಿಚಾರಿಸಿದಾಗ ಬಡ್ಡಿ ವರ್ಷಕ್ಕೆ ಶೇಕಡ 12, ಇಬ್ಬರು ಸದಸ್ಯರ ಜಾಮೀನು ಬೇಕು ಎಂದು ಕಾರ್ಯದರ್ಶಿ ತಿಳಿಸಿದರು. 80,000 ರೂಪಾಯಿಯನ್ನು ಇಪ್ಪತ್ತನಾಲ್ಕು ತಿಂಗಳಲ್ಲಿ ತೀರಿಸಲು ಕಂತು ಎಷ್ಟೆಂದು ಲೆಕ್ಕ ಹಾಕಿ ಅವರು ಚೀಟಿಯಲ್ಲಿ 3,766 ಎಂದು ಬರೆದು ಕೊಟ್ಟಾಗ, ಅವಳು ಜೇಬಿನಲ್ಲಿದ್ದ ತನ್ನ ಚೀಟಿ ತೆಗೆದು ಪಕ್ಕದಲ್ಲಿಟ್ಟಳು. 45,633ನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,803. ಎರಡು ವರ್ಷದಲ್ಲಿ ಇಡೀ ಸಾಲವನ್ನು ಹೆಚ್ಚುಕಡಿಮೆ ಮುಗಿಸಿಬಿಡಬಲ್ಲಷ್ಟು ಹಣವನ್ನು ಅವಳು ತಿಂಗಳು ತಿಂಗಳೂ ಕಟ್ಟುತ್ತಲೇ ಬಂದಿದ್ದಳು, ಬರೀ ಬಡ್ಡಿಗೆ.

ಜಾಮೀನಿಗೆ ಸಹಿ ಕೇಳುವುದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಟೂಲ್ ರೂಮಿನ ಹಿರಿಯರೊಬ್ಬರು ಕಾರಣ ಕೇಳದೆ ಸಹಿ ಹಾಕಿದರು. ಎರಡನೆಯವಳು ಪಕ್ಕದ ಲೈನಿನ ಎಂಜಿನಿಯರ್. ಅವಳು ಕಾರಣ ಕೇಳಿ, ಸಹಿ ಹಾಕಿ, ತನ್ನ ಸ್ಟೇಟ್‌ಮೆಂಟನ್ನೂ ಒಮ್ಮೆ ನೋಡಿಕೊಡುವೆಯಾ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಮ್ಯಾನೇಜರರ ಬಳಿಗೂ ಸಹನಾ ಹೋಗಿ, ಸೆಕೆಂಡ್ ಶಿಫ್ಟಿನ ಕೊನೆಯ ತಪಾಸಣೆಯನ್ನು ಎಂಟೂವರೆಗೆ ಇಡಬೇಕೆಂದು ಕೋರಿದಳು. ಊಟ ಬಿಟ್ಟವರು ಎಷ್ಟು ಜನ ಎಂದು ಅವರು ಕೇಳಿದಾಗ, ಏಳು ಜನರ ಹೆಸರುಗಳನ್ನು ಬರೆದು ತಂದಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಏಪ್ರಿಲ್ 2ರಂದು ಸಂಘದ 80,000ಕ್ಕೆ ಸಂಬಳದ 6,689 ಸೇರಿಸಿ ಬಾಕಿಯನ್ನು ಪೂರ್ತಿ ಕಟ್ಟಿದಳು. ಜಿಮ್ಮಿನದೂ ಉಳಿದೆರಡು ಚಂದಾಗಳೂ ಅಷ್ಟರಲ್ಲಿ ರದ್ದಾಗಿದ್ದವು. ಕಾರ್ಡನ್ನು ಟ್ರಂಕಿನಲ್ಲಿ, ಅಮ್ಮ ಕೊಟ್ಟ ಸೀರೆಯ ಮಡಿಕೆಯೊಳಗೆ ಇಟ್ಟಳು.

ಏಪ್ರಿಲ್ 18ರ ಸ್ಟೇಟ್‌ಮೆಂಟು ಬಂದ ರಾತ್ರಿಯೇ ಅವಳು ಅದನ್ನು ತೆರೆದಳು. ಸೊನ್ನೆಯನ್ನು ನಿರೀಕ್ಷಿಸಿದ್ದ ಜಾಗದಲ್ಲಿ 1,765 ರೂಪಾಯಿ 61 ಪೈಸೆ ಎಂದಿತ್ತು. ಎದೆ ಒಮ್ಮೆ ಹಾರಿತು. ಆಮೇಲೆ ಕಾಗದ ತೆಗೆದುಕೊಂಡು ಕುಳಿತಳು. ಬಿಲ್ಲು ತಯಾರಾದ ದಿನದಿಂದ ಹಣ ಕಟ್ಟಿದ ದಿನದವರೆಗೆ ಹದಿನೈದು ದಿನ. 86,689ಕ್ಕೆ ವರ್ಷಕ್ಕೆ ಶೇಕಡ 42ರಂತೆ ದಿನಕ್ಕೆ 99 ರೂಪಾಯಿ 75 ಪೈಸೆ. ಹದಿನೈದು ದಿನಕ್ಕೆ 1,496 ರೂಪಾಯಿ 28 ಪೈಸೆ, ಅದರ ಮೇಲೆ ತೆರಿಗೆ 269 ರೂಪಾಯಿ 33 ಪೈಸೆ. ಎರಡನ್ನೂ ಕೂಡಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು, ಅಷ್ಟನ್ನೂ ಆ ಕ್ಷಣವೇ ಕಟ್ಟಿದಳು.

ಗಂಟೆ ಒಂಬತ್ತೂವರೆ ಆಗಿತ್ತು. ಅಪ್ಪ ಮಲಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಅಪ್ಪ, ತಾಳೆ ಆಯಿತು” ಎಂದಳು.

“ಊಟ ಆಯಿತೇನಮ್ಮ?” ಎಂದು ಕೇಳಿದರು ಅವರು.