ಮೂರಕ್ಷರದಿಂದ ಪದ ಕಟ್ಟೋಣ: ಅರಬ್ಬಿ ಧಾತು ಅಭ್ಯಾಸ, ಮೂರನೇ ವಾರ

ಮುಂದಿನ ಭಾನುವಾರ ತರಗತಿಗೆ ಬರುವ ಮೊದಲು ಇದನ್ನು ಮಾಡಿಕೊಂಡು ಬನ್ನಿ. ನೋಟ್‌ಬುಕ್ಕು, ಪೆನ್ಸಿಲ್ಲು ಸಾಕು. ನಿಘಂಟು ಈಗಲೇ ತೆಗೆಯಬೇಡಿ. ನಮ್ಮಲ್ಲಿ ಗಲ್ಫಿಗೆ ಹೊರಟಿರುವ ನರ್ಸುಗಳಿದ್ದಾರೆ, ಚಿಕ್ಕಂದಿನಲ್ಲೇ ಮದರಸಾದಲ್ಲಿ ಓದಲು ಕಲಿತು ಅರ್ಥ ಮಾತ್ರ ಹಿಡಿಯಲಾಗದೆ ಉಳಿದವರಿದ್ದಾರೆ, ಹಳೇ ಕಂದಾಯ ಕಾಗದಗಳ ಮೇಲೆ ಆಸೆ ಇರುವವರಿದ್ದಾರೆ. ಎಲ್ಲರಿಗೂ ಇದೇ ಹಾಳೆ.

ಮೊದಲು ಬರವಣಿಗೆಯ ಎರಡು ಮಾತು. ' ಗುರುತು ಅಂದರೆ ಗಂಟಲಿನ ಆಳದಿಂದ ಬರುವ ಅಯ್ನ್ ಅಕ್ಷರ. ಅದೂ ಒಂದು ವ್ಯಂಜನವೇ, ಎಣಿಸುವಾಗ ಬಿಡಬೇಡಿ. ಇಲ್ಲಿ ಬರುವ ಹ ಎಲ್ಲ ಗಂಟಲಿನ ಹ, ಒಂದು ಕಡೆ ಬಿಟ್ಟು. ಅಲ್ಲಿಗೆ ಬಂದಾಗ ಹೇಳುತ್ತೇನೆ.

ಅರಬ್ಬಿಯ ಹೆಚ್ಚಿನ ಪದಗಳ ಬುಡದಲ್ಲಿ ಮೂರು ವ್ಯಂಜನ ಇರುತ್ತವೆ. ಅದೇ ಧಾತು. ಕ-ತ-ಬ ಅಂದರೆ ಬರೆಯುವುದಕ್ಕೆ ಸಂಬಂಧಪಟ್ಟದ್ದು. ಇದರ ನಡುವೆ ಸ್ವರ ಬದಲಾಯಿಸಿ, ಮುಂದೆ ಹಿಂದೆ ಒಂದೆರಡು ಅಕ್ಷರ ಸೇರಿಸಿದರೆ ಹೊಸ ಪದ. ಕತಬ ಅಂದರೆ ಬರೆದನು. ಕಾತಿಬ್ ಬರೆಯುವವನು, ಮಕ್ತೂಬ್ ಬರೆದದ್ದು, ಮಕ್ತಬ್ ಬರೆಯುವ ಜಾಗ, ಅಂದರೆ ಮೇಜು ಅಥವಾ ಆಫೀಸು. ಮಕ್ತಬ ಅಂದರೆ ಗ್ರಂಥಾಲಯ, ಪುಸ್ತಕದಂಗಡಿಯೂ ಹೌದು. ಕಿತಾಬ್ ನಿಮಗೆ ಗೊತ್ತೇ ಇದೆ.

ಅಚ್ಚುಗಳಿಗೆ ಹೆಸರು ಇಡಲು ವ್ಯಾಕರಣದವರು ಫ-'-ಲ ಎಂಬ ಧಾತುವನ್ನೇ ಬಳಸುತ್ತಾರೆ. ಅದರ ಅರ್ಥ 'ಮಾಡು'. ಹಾಗಾಗಿ ಫಾ'ಇಲ್ ಅಂದರೆ ಮಾಡುವವನ ಅಚ್ಚು, ಮಫ್'ಊಲ್ ಅಂದರೆ ಮಾಡಿದ್ದರ ಅಚ್ಚು, ಮಫ್'ಅಲ್ ಜಾಗದ ಅಚ್ಚು. ಜಾಗದ್ದು ಕೆಲವು ಸಲ ಮಫ್'ಇಲ್ ಆಗುತ್ತದೆ, ಅದನ್ನು ಪದದ ಜೊತೆಗೇ ಕಲಿಯಬೇಕು, ಬೇರೆ ದಾರಿ ಇಲ್ಲ.

ಅಭ್ಯಾಸ 1. ಕಟ್ಟಿ.
ಅ) 'ಅಮಿಲ, ಕೆಲಸ ಮಾಡಿದನು. ಕೆಲಸಗಾರನಿಗೆ ಏನನ್ನುತ್ತಾರೆ? ಮಫ್'ಅಲ್ ಅಚ್ಚಿನಲ್ಲಿ ಪ್ರಯೋಗಾಲಯಕ್ಕೆ?
ಆ) ಶರಿಬ, ಕುಡಿದನು. ಕುಡಿಯುವ ಪಾನೀಯಕ್ಕೆ ಮಫ್'ಊಲ್ ಅಚ್ಚು ಹಾಕಿ.
ಇ) ದಖಲ, ಒಳಗೆ ಹೋದನು. ಖರಜ, ಹೊರಗೆ ಹೋದನು. ಆಸ್ಪತ್ರೆಯ ಬಾಗಿಲ ಮೇಲೆ ಪ್ರವೇಶ ಅಂತ, ನಿರ್ಗಮನ ಅಂತ ಹಾಕಬೇಕು. ಎರಡೂ ಮಫ್'ಅಲ್.
ಈ) ಜಲಸ, ಕುಳಿತನು. ಸಜದ, ಸಾಷ್ಟಾಂಗ ಮಾಡಿದನು. ಇವೆರಡರ ಜಾಗದ ಪದಗಳು ಮಫ್'ಇಲ್. ಬರೆದ ಮೇಲೆ ಜೋರಾಗಿ ಓದಿ, ಎರಡೂ ನಿಮಗೆ ಗುರುತು ಸಿಗುತ್ತವೆ.

ಅಭ್ಯಾಸ 2. ಬಿಡಿಸಿ.
ಇದು ಕಟ್ಟುವುದಕ್ಕಿಂತ ಮುಖ್ಯ. ಯಾಕೆಂದರೆ ಹೆಚ್ಚಿನ ಅರಬ್ಬಿ ನಿಘಂಟುಗಳಲ್ಲಿ ಪದಗಳು ಧಾತುವಿನ ಕ್ರಮದಲ್ಲಿ ಇರುತ್ತವೆ. ಮಕ್ತಬ ಅನ್ನುವುದನ್ನು 'ಮ'ದಲ್ಲಿ ಹುಡುಕಿದರೆ ಸಿಗುವುದಿಲ್ಲ, 'ಕ'ದಲ್ಲಿ ಹುಡುಕಬೇಕು. ಧಾತು ಬಿಡಿಸಲು ಬರದಿದ್ದರೆ ದುಡ್ಡು ಕೊಟ್ಟು ತಂದ ನಿಘಂಟು ಸುಮ್ನೆ ಕಪಾಟಿನಲ್ಲಿ ಕೂತಿರುತ್ತದೆ.

ಧಾತುವಿಗೆ ಮೇಲಿಂದ ಸೇರುವ ಅಕ್ಷರಗಳು 10 ಮಾತ್ರ. ನೆನಪಿಗೆ ಅರಬ್ಬರೇ ಒಂದು ಮಾತು ಮಾಡಿಕೊಂಡಿದ್ದಾರೆ: ಸಅಲ್ತುಮೂನೀಹಾ, 'ನೀವು ನನ್ನನ್ನು ಅದನ್ನು ಕೇಳಿದಿರಿ'. ಸ, ಹಂಜ಼, ಲ, ತ, ಮ, ವಾವ್, ನ, ಯಾ, ಹ, ಅಲಿಫ್ ಎಲ್ಲ ಅದರಲ್ಲಿವೆ. ಇಲ್ಲಿನ ಹ ಮಾತ್ರ ನಮ್ಮ ಹ. ಪದದಲ್ಲಿ ಈ 10ರ ಹೊರಗಿನ ಅಕ್ಷರ ಕಂಡರೆ ಅದು ಹೆಚ್ಚಾಗಿ ಧಾತುವಿನದ್ದೇ. ಆದರೆ ತಿರುಗಿಸಿ ಹೇಳಬೇಡಿ: ಈ 10 ಅಕ್ಷರಗಳು ಧಾತುವಿನಲ್ಲೂ ಇರಬಹುದು, ಸಜದದ ಸ ಇದೆಯಲ್ವಾ.

ಧಾತು ಹೇಳಿ: ಮದ್ರಸ, ಮು'ಅಲ್ಲಿಮ್ (ಶಿಕ್ಷಕ), ಮಿಫ್ತಾಹ್ (ಬೀಗದ ಕೈ), ಇಸ್ತಿ'ಮಾಲ್ (ಬಳಕೆ), ಮುಖ್ರಿಜ್ (ಸಿನಿಮಾ ನಿರ್ದೇಶಕ), ಇಜ್ತಿಮಾ' (ಸಭೆ). ಕೊನೆಯದರಲ್ಲಿ ಹುಷಾರು. ಸೇರಿದ 'ತ' ಧಾತುವಿನ ಹೊಟ್ಟೆಯೊಳಗೇ ಕೂತಿದೆ.

ಅಭ್ಯಾಸ 3. ಕ್ರಿಯಾರೂಪಗಳು.
10 ರೂಪಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ನನಗೆ ಇಷ್ಟವಿಲ್ಲ. ಪಟ್ಟಿ ಒಪ್ಪಿಸುತ್ತಾರೆ, ವಾಕ್ಯ ಬಂದಾಗ ನಿಂತುಬಿಡುತ್ತಾರೆ. ಕನ್ನಡದವರಿಗೆ ಇದಕ್ಕಿಂತ ಹತ್ತಿರದ ದಾರಿ ಇದೆ. ಕಲಿ, ಕಲಿಸು. ಕೂರು, ಕೂರಿಸು. ಈ 'ಇಸು' ಮಾಡುವ ಕೆಲಸವನ್ನು ಅರಬ್ಬಿಯಲ್ಲಿ ಎರಡನೇ ರೂಪ (ನಡುವಿನ ಅಕ್ಷರ ಒತ್ತಾಗುತ್ತದೆ) ಅಥವಾ ನಾಲ್ಕನೇ ರೂಪ (ಮುಂದೆ 'ಅ' ಬರುತ್ತದೆ) ಎಷ್ಟೋ ಸಲ ಮಾಡುತ್ತವೆ. 'ಅಲಿಮ ತಿಳಿದನು, 'ಅಲ್ಲಮ ಕಲಿಸಿದನು. ಅದಕ್ಕೆ ಮುಂದೆ 'ತ' ಹಚ್ಚಿದರೆ ಐದನೇ ರೂಪ: ತ'ಅಲ್ಲಮ, ಕಲಿತನು, ಅಂದರೆ ಕಲಿಸಿದ್ದನ್ನು ತನಗೇ ಮಾಡಿಕೊಂಡನು. ಮೂರನೇ ರೂಪ ಕಾತಬ, ಒಬ್ಬನೊಂದಿಗೆ ಪತ್ರ ವ್ಯವಹಾರ ಮಾಡಿದನು. ಆರನೇದು ತಕಾತಬ, ಪರಸ್ಪರ. ಏಳನೇದು 'ಇನ್' ಹಚ್ಚಿ, ಕೆಲಸ ತಾನಾಗಿ ಆದಂತೆ. ಹತ್ತನೇದು 'ಇಸ್ತ', ಬಹಳ ಸಲ ಕೇಳುವುದು, ಬೇಡುವುದು.

ಅ) ದರಸ ಓದಿದನು. ಓದಿಸಿದನು, ಪಾಠ ಹೇಳಿದನು ಅನ್ನಲು ಎರಡನೇ ರೂಪ ಕಟ್ಟಿ.
ಆ) ಜಲಸ ಕುಳಿತನು. ಮಗುವನ್ನು ಕೂರಿಸಿದನು ಅನ್ನಲು ನಾಲ್ಕನೇದು.
ಇ) ಫತಹ ಅಲ್-ವಲದು ಅಲ್-ಬಾಬ. ಹುಡುಗ ಬಾಗಿಲು ತೆರೆದನು. ಬಾಗಿಲು ತಾನಾಗಿ ತೆರೆದುಕೊಂಡಿತು ಅನ್ನಿ. ಬಾಗಿಲು ಈಗ ಕರ್ತೃ, ಕೊನೆಯ ಸ್ವರವೂ ಬದಲಾಗಬೇಕು.
ಈ) ಕಸರ ಮುರಿದನು. ಚೂರುಚೂರು ಮಾಡಿದನು ಅನ್ನಲು ಯಾವ ರೂಪ? ಎರಡನೇದಕ್ಕೆ 'ಇಸು' ಒಂದೇ ಕೆಲಸ ಅಂದುಕೊಳ್ಳಬಾರದು ಅಂತಲೇ ಇದನ್ನು ಕೊಟ್ಟಿದ್ದೇನೆ.
ಉ) 'ಅಲಿಮ ತಿಳಿದನು. ವಿಚಾರಿಸಿದನು ಅನ್ನಲು ಹತ್ತನೇದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪ್ರತಿ ಧಾತುವಿಗೂ 10 ರೂಪ ಇರುವುದಿಲ್ಲ. ನೀವು ಕಟ್ಟಿದ ಪದ ಅಚ್ಚಿಗೆ ಸರಿ ಇದ್ದರೂ ಜನ ಅದನ್ನು ಬಳಸದೇ ಇರಬಹುದು, ಅಥವಾ ಅರ್ಥ ಬೇರೆಲ್ಲೋ ಹೋಗಿರಬಹುದು. ಕಟ್ಟಿ, ಆಮೇಲೆ ನಿಘಂಟು ನೋಡಿ. ಈ ಕ್ರಮ ತಪ್ಪಿಸಬೇಡಿ.

ಅಭ್ಯಾಸ 4. ನಮ್ಮ ಕಚೇರಿಯ ಪದಗಳು.
ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ, ಆಮೇಲೆ ಹೈದರ್, ಟಿಪ್ಪು ಕಾಲದಲ್ಲಿ ಆಡಳಿತಕ್ಕೆ ಪಾರಸಿ ಬಳಕೆಯಲ್ಲಿತ್ತು. ಪಾರಸಿಯ ಹೆಗಲೇರಿ ಎಷ್ಟೋ ಅರಬ್ಬಿ ಪದ ಕನ್ನಡಕ್ಕೆ ಬಂದವು. ಹಾಗಾಗಿ ಅಚ್ಚುಗಳು ನಿಮ್ಮ ಕಿವಿಗೆ ಹೊಸದಲ್ಲ. ಧಾತು, ಅಚ್ಚು ಎರಡನ್ನೂ ಹೇಳಿ: ಮಾಮೂಲು, ದಾಖಲು, ತಾಲೀಮು, ಮುನ್ಸೀಫ. ಹಾಜರು ಮತ್ತು ಮಹಜರು ಒಂದೇ ಧಾತುವಿನವು, ಹೇಗೆ ಅಂತ ತೋರಿಸಿ. ತರ್ಜುಮೆ ಕೊನೆಗೆ ಇಟ್ಟುಕೊಳ್ಳಿ, ಅದು ಸತಾಯಿಸುತ್ತದೆ.

ಉತ್ತರಗಳು (ಮಾಡಿದ ಮೇಲೆ ಮಾತ್ರ)

1. ಅ) 'ಆಮಿಲ್, ಮ'ಮಲ್. ಆ) ಮಶ್ರೂಬ್. ಇ) ಮದ್‌ಖಲ್, ಮಖ್ರಜ್. ಈ) ಮಜ್ಲಿಸ್, ಮಸ್ಜಿದ್.

2. ದ-ರ-ಸ, '-ಲ-ಮ, ಫ-ತ-ಹ, '-ಮ-ಲ, ಖ-ರ-ಜ, ಜ-ಮ-'. ಮಿಫ್ತಾಹ್‌ನಲ್ಲಿ 'ತ' ಧಾತುವಿನದ್ದು, ಇಜ್ತಿಮಾ'ದಲ್ಲಿ ಸೇರಿದ್ದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಮಿಫ್ತಾಹ್‌ನದು ಮಿಫ್'ಆಲ್, ಉಪಕರಣದ ಅಚ್ಚು.

3. ಅ) ದರ್ರಸ. ಆ) ಅಜ್ಲಸ. ಇ) ಇನ್ಫತಹ ಅಲ್-ಬಾಬು. ಈ) ಕಸ್ಸರ, ಎರಡನೇ ರೂಪವೇ, ಇಲ್ಲಿ ಒತ್ತು ಬಂದಿರುವುದು ಕೆಲಸದ ಜೋರಿಗೆ. ಉ) ಇಸ್ತ'ಲಮ.

4. ಮಾಮೂಲು: '-ಮ-ಲ, ಮಫ್'ಊಲ್. ಮೂಲದಲ್ಲಿ 'ಮಾಡಿದ್ದು', ನಡೆದುಕೊಂಡು ಬಂದದ್ದು. ದಾಖಲು: ದ-ಖ-ಲ, ಫಾ'ಇಲ್ ಅಚ್ಚಿನ ದಾಖಿಲ್, ಒಳಗೆ ಬಂದದ್ದು. ತಾಲೀಮು: '-ಲ-ಮ, ತಫ್'ಈಲ್, ಅಂದರೆ ಎರಡನೇ ರೂಪದ ಕ್ರಿಯಾನಾಮ, ಕಲಿಸುವುದು. ಮುನ್ಸೀಫ: ನ-ಸ-ಫ, ಸ ಇಲ್ಲಿ ಭಾರದ ಸ, ನಾಲ್ಕನೇ ರೂಪ ಅನ್ಸಫ, ನ್ಯಾಯವಾಗಿ ನಡೆದನು, ಅದರ ಕರ್ತೃ ಮುನ್ಸಿಫ್. ಹಾಜರು, ಮಹಜರು: ಹ-ದ-ರ, ಭಾರದ ದ. ಪಾರಸಿಯವರ ಬಾಯಲ್ಲಿ ಅದು ಜ಼ ಆಯಿತು, ನಮ್ಮಲ್ಲಿ ಜ. ಹಾದಿರ್ ಅಂದರೆ ಎದುರಿಗೆ ಇರುವವನು, ಫಾ'ಇಲ್. ಮಹ್ದರ್ ಮಫ್'ಅಲ್, ಎಲ್ಲರೂ ಹಾಜರಿರುವ ಜಾಗ, ಅಲ್ಲಿಂದ ಅಲ್ಲೇ ಬರೆದುಕೊಂಡ ಕಾಗದ. ತರ್ಜುಮೆಯ ಧಾತು ತ-ರ-ಜ-ಮ. ನಾಲ್ಕು ಅಕ್ಷರ! ಇಂಥ ಧಾತುಗಳೂ ಇವೆ. 'ರ-ಜ-ಮ ಬರೆದು ತ ಸೇರಿದ್ದು' ಅಂದವರು ನಿಯಮ ಸರಿಯಾಗಿಯೇ ಹಿಡಿದಿದ್ದೀರಿ, ಈ ಒಂದು ಪದ ಮಾತ್ರ ಅದಕ್ಕೆ ಸಿಕ್ಕುವುದಿಲ್ಲ.