ಸ್ಲೈಡಿನಲ್ಲಿ ಇಲ್ಲದ 'ಆದರೆ'

ಕಾರವಾರ
ಭಾನುವಾರ ಸಂಜೆ

ಪ್ರೀತಿಯ ನಾಗವೇಣಿ,

ಮೊನ್ನೆ ನೀನು ನನ್ನನ್ನು ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ನಿಲ್ಲಿಸಿ, "ಅಕ್ಕಾ, ಸ್ಲೈಡು ಓದಿದರೆ ಸಾಕೋ, ಪುಸ್ತಕವೂ ಬೇಕೋ?" ಎಂದು ಕೇಳಿದ್ದೆ. ಊಟದ ಗಂಟೆ ಹೊಡೆಯಿತೆಂದು ನಾನು "ಎರಡೂ ಬೇಕು" ಎಂದಷ್ಟೇ ಹೇಳಿ ಓಡಿದೆ. ಅದು ಉತ್ತರವಲ್ಲ, ಜಾರಿಕೊಳ್ಳುವ ಉಪಾಯ. ಸರಿಯಾಗಿ ಬರೆಯುತ್ತೇನೆ.

ನಾನೂ ನಿನ್ನ ಹಾಗೆಯೇ ಸಿದ್ದಾಪುರದ ಕಡೆಯ ಕನ್ನಡ ಮಾಧ್ಯಮದವಳು. ಮೊದಲ ವರ್ಷ ಸ್ಲೈಡನ್ನು ಅಪ್ಪಿಕೊಂಡದ್ದಕ್ಕೆ ಸೋಮಾರಿತನ ಕಾರಣವಲ್ಲ, ಹೆದರಿಕೆ ಕಾರಣ. ಪುಸ್ತಕದ ಇಂಗ್ಲಿಷ್ ವಾಕ್ಯ ನಾಲ್ಕು ಸಾಲು ಹರಿಯುತ್ತದೆ; ಸ್ಲೈಡಿನಲ್ಲಿ ನಾಲ್ಕೇ ಪದ. ಪದಗಳ ಅರ್ಥ ಗೊತ್ತಾದರೆ ವಿಷಯವೇ ಗೊತ್ತಾಯಿತು ಅನ್ನಿಸುತ್ತಿತ್ತು.

ಎರಡನೇ ಸೆಮಿಸ್ಟರಿನಲ್ಲಿ ಪೆಟ್ಟು ಬಿತ್ತು. ಕಡಲಂಚಿನ ಬಂಡೆಗೆ ಅಂಟಿಕೊಂಡಿರುತ್ತದಲ್ಲ, ಬರಿಗಾಲಿನಲ್ಲಿ ಹತ್ತಿದರೆ ಅಂಗಾಲು ಕೊಯ್ಯುವ ಬಿಳಿ ಚಿಪ್ಪಿನ ಬಾರ್ನಕಲ್, ಅದರ ಪಾಠ. ಸ್ಲೈಡಿನಲ್ಲಿದ್ದದ್ದು ಮೂರು ಸಾಲು: ಮೇಲಿನ ಗಡಿ, ಒಣಗುವಿಕೆ. ಕೆಳಗಿನ ಗಡಿ, ಸ್ಪರ್ಧೆ. ಕಾನೆಲ್, 1961. ಮೂರನ್ನೂ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ, ಬಂಡೆಯ ಮೇಲ್ಭಾಗದಲ್ಲಿರುವ ಕ್ತಮಾಲಸ್ (ನಾಲಿಗೆ ಹೊರಳದ ಹೆಸರು, ಒಪ್ಪುತ್ತೇನೆ) ಎಂಬ ಬಾರ್ನಕಲ್ ಕೆಳಗೆ ಏಕೆ ಕಾಣುವುದಿಲ್ಲ ಎಂದು ಕೇಳಿದರು. ಕೆಳಗೆ ನೀರು ಹೆಚ್ಚು, ಅದು ತಾಳದು ಎಂದು ಧೈರ್ಯವಾಗಿ ಒಂದು ಪುಟ ಬರೆದೆ. ಹತ್ತಕ್ಕೆ ಮೂರು ಬಂತು.

ಆಮೇಲೆ ಅಧ್ಯಾಯ ತೆರೆದರೆ ಇಡೀ ಕಥೆಯೇ ಬೇರೆ. ಕಾನೆಲ್ ಎಂಬ ವಿಜ್ಞಾನಿ ಸ್ಕಾಟ್ಲೆಂಡಿನ ತೀರದಲ್ಲಿ, ಕೆಳಭಾಗದ ಕ್ತಮಾಲಸ್ ಮರಿಗಳ ಸುತ್ತಲಿನ ಬಲಾನಸ್ ಎಂಬ ಇನ್ನೊಂದು ಜಾತಿಯನ್ನು ಕೆರೆದು ತೆಗೆದರು. ಆಗ ಕ್ತಮಾಲಸ್ ಅಲ್ಲಿಯೂ ಚೆನ್ನಾಗಿಯೇ ಬದುಕಿತು! ಅಂದರೆ ನೀರು ಅದನ್ನು ಕೊಲ್ಲುವುದಿಲ್ಲ. ಬೇಗ ಬೆಳೆಯುವ ಬಲಾನಸ್ ಅದರ ಮೇಲೆ ಹಬ್ಬುತ್ತದೆ, ಬುಡಕ್ಕೆ ನುಗ್ಗಿ ಎಬ್ಬಿಸುತ್ತದೆ, ಒತ್ತಿ ಪುಡಿ ಮಾಡುತ್ತದೆ. ಬಲಾನಸ್ ಮಾತ್ರ ಮೇಲಕ್ಕೆ ಹೋದರೆ ಒಣಗಿ ಸಾಯುತ್ತದೆ. ಕ್ತಮಾಲಸ್ ಕೆಳಗೆ ಬದುಕಬಲ್ಲದು, ಆದರೆ ಬಲಾನಸ್ ಬದುಕಗೊಡುವುದಿಲ್ಲ. ಈ 'ಆದರೆ' ಸ್ಲೈಡಿನಲ್ಲಿ ಇರಲಿಲ್ಲ. 'ಏಕೆಂದರೆ', 'ಹೀಗಿದ್ದರೂ', 'ಇಲ್ಲದಿದ್ದರೆ' ಯಾವ ಸ್ಲೈಡಿನಲ್ಲೂ ಇರುವುದಿಲ್ಲ. ಜಾಗ ಉಳಿಸಲು ಮೊದಲು ಕಿತ್ತುಹಾಕುವುದೇ ಅವುಗಳನ್ನು. ಅಂಕ ಇರುವುದೂ ಅಲ್ಲಿಯೇ.

ಈಗ ನಾನು ಮಾಡುವುದನ್ನು ಹೇಳುತ್ತೇನೆ. ಒಂದು ಹಾಳೆಗೆ ಮೂರೇ ಸ್ಲೈಡು ಬರುವಂತೆ ಮುದ್ರಿಸಿಕೊಳ್ಳುತ್ತೇನೆ, ಬಲಕ್ಕೆ ಗೆರೆ ಎಳೆದ ಖಾಲಿ ಜಾಗ ಸಿಗುತ್ತದೆ. ತರಗತಿ ಮುಗಿದ ದಿನ ರಾತ್ರಿಯೇ ಪುಸ್ತಕ ತೆರೆದು, ಪ್ರತಿ ಸ್ಲೈಡಿನ ಪಕ್ಕ ಅದರ ವಿಷಯ ಯಾವ ಪುಟದಲ್ಲಿದೆ ಎಂದು ಬರೆಯುತ್ತೇನೆ. ಆ ಪುಟಗಳನ್ನಷ್ಟೇ ನಿಧಾನವಾಗಿ ಓದಿ, ಎರಡು ಸಾಲುಗಳ ನಡುವೆ ಬಿಟ್ಟುಹೋದ 'ಏಕೆಂದರೆ'ಯನ್ನು ಖಾಲಿ ಜಾಗದಲ್ಲಿ ಕನ್ನಡದಲ್ಲಿಯೇ ತುಂಬುತ್ತೇನೆ. ಇಂಗ್ಲಿಷಿಗೆ ತಿರುಗಿಸುವುದು ಮರುದಿನದ ಕೆಲಸ. ಹಾಸ್ಟೆಲ್ಲಿನ ಗದ್ದಲದಲ್ಲಿ ಇಷ್ಟಕ್ಕೇ ಒಂದು ಗಂಟೆ ಹಿಡಿಯುತ್ತದೆ. ದಿನವೂ ಆಗುವುದಿಲ್ಲ, ನನಗೂ ಆಗುತ್ತಿರಲಿಲ್ಲ.

ಪುಟ ಸಿಗದ ಸ್ಲೈಡುಗಳೂ ಬರುತ್ತವೆ. ಅವುಗಳನ್ನು ಹಗುರವಾಗಿ ಕಾಣಬೇಡ. ಪುಸ್ತಕದಲ್ಲಿರುವುದು ಸ್ಕಾಟ್ಲೆಂಡ್, ಅಮೆರಿಕದ ಕಡಲು. ಕಾಳಿ ನದಿ ಕಡಲು ಸೇರುವಲ್ಲಿನ ಫೋಟೋ ನಮ್ಮ ಮೇಡಂ ಸ್ವತಃ ತೆಗೆದದ್ದು. ಅದು ಇನ್ನೆಲ್ಲೂ ಸಿಗದು, ಮೌಖಿಕ ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ.

ಇನ್ನೊಂದು. ವಾಟ್ಸಾಪ್‌ನಲ್ಲಿ ಬರುವ ಪಿಡಿಎಫ್‌ನಲ್ಲಿ, ತರಗತಿಯಲ್ಲಿ ಒಂದೊಂದಾಗಿ ಮೂಡಿದ ಚಿತ್ರಗಳೆಲ್ಲ ಒಂದರ ಮೇಲೊಂದು ಕೂತಿರುತ್ತವೆ. ಯಾವ ಬಾಣ ಯಾವುದಕ್ಕೆಂದು ತಿಳಿಯುವುದಿಲ್ಲ. ಮೂಲ ಪಿಪಿಟಿಯನ್ನೇ ಕೇಳು. ಅದರಲ್ಲಿ ಸ್ಲೈಡಿನ ಕೆಳಗೆ ಟಿಪ್ಪಣಿ ಬರೆದಿಡುವವರೂ ಇದ್ದಾರೆ, ಪಿಡಿಎಫ್ ಮಾಡುವಾಗ ಅದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಕೇಳಲು ಸಂಕೋಚವಾದರೆ ನಾನು ಜೊತೆಗೆ ಬರುತ್ತೇನೆ.

ಮುಂದಿನ ಭಾನುವಾರ ಇಳಿತದ ಹೊತ್ತಿಗೆ ಬೈತಖೋಲದ ಕಡೆಯ ಬಂಡೆಗಳಿಗೆ ಹೋಗೋಣ, ಸ್ಲೈಡಿನ ಹಾಳೆ ತೆಗೆದುಕೊಂಡು ಬಾ. ಇವತ್ತಿನ ಸಮಯ ನೋಡಿ ಹೊರಡಬೇಡ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೊರಡುವ ಹೊತ್ತನ್ನು ಶನಿವಾರ ತಿಳಿಸುತ್ತೇನೆ. ಹಳೆಯ ಚಪ್ಪಲಿ ಹಾಕಿಕೊ.

ನನ್ನ ಗುರುತು ಹಾಕಿದ ಹಾಳೆಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಪುಸ್ತಕ ಮಾತ್ರ ಗ್ರಂಥಾಲಯದ್ದು, ಗುರುವಾರದೊಳಗೆ ಹಿಂದಿರುಗಿಸಬೇಕು. ಅದರಲ್ಲಿ ಪೆನ್ನಿನಿಂದ ಗೆರೆ ಎಳೆದವಳು ನಾನಲ್ಲ.

ನಿನ್ನ ಅಕ್ಕ,
ಸುಮಂಗಲಾ